ವಿದೇಶಿ ಕ್ಲೈಂಟ್ ಜೊತೆ ವಿಡಿಯೋ ಕಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನಾಲ್ಕು ವರ್ಷದಿಂದ ನನ್ನ ಕೆಲಸದ ದಿನ ಶುರುವಾಗುವುದೂ ಮುಗಿಯುವುದೂ ಕ್ಲೈಂಟ್ ಕಾಲ್‌ನಲ್ಲೇ. ಈಚೆಗೆ ಹೊಸಬರಿಗೆ ಈ ವಿಷಯ ಹೇಳಿಕೊಡುತ್ತಲೂ ಇದ್ದೇನೆ. ಅವರು ಕೇಳಿದ್ದು, ಪತ್ರ ಬರೆದು ಕೇಳಿದ್ದು, ಕಾಲ್ ಮುಗಿದ ಮೇಲೆ ಮೆಲ್ಲಗೆ ಬಂದು ಕೇಳಿದ್ದು ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ವ್ಯಾಕರಣದ ಪಾಠ ಇದರಲ್ಲಿ ಇಲ್ಲ. ನಾವು ಹೇಳಿದ್ದು ಅವರಿಗೆ ಮುಟ್ಟಿತಾ, ಅವರು ಹೇಳಿದ್ದು ನಮಗೆ ಸರಿಯಾಗಿ ಮುಟ್ಟಿತಾ, ಅದನ್ನು ಕಾಲ್ ಮುಗಿಯುವ ಮೊದಲೇ ತಿಳಿಯುವುದು ಹೇಗೆ ಅನ್ನುವುದಷ್ಟೇ ಇದೆ.

## ಮೊದಲ ಹಂತ: ನಮ್ಮ ಮಾತು ಅವರಿಗೆ ಕೇಳಿಸುವುದು

ಮೇಲ್ ಚೆನ್ನಾಗಿ ಬರೀತೀನಿ. ಕಾಲ್‌ನಲ್ಲಿ ಮಾತ್ರ ಅವರು ಪ್ರತಿ ಸಲ "ಸಾರಿ?" ಅಂತಾರೆ. ಯಾಕೆ?

ಹೆಚ್ಚಿನ ಸಲ ಪದ ತಪ್ಪಿರುವುದಿಲ್ಲ, ಒತ್ತು ತಪ್ಪಿರುತ್ತದೆ. ಕನ್ನಡದಲ್ಲಿ ನಾವು ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷ್ ಹಾಗಲ್ಲ. ಒಂದು ಪದದಲ್ಲಿ ಒಂದು ಕಡೆ ದನಿ ಏರಿ, ಉದ್ದವಾಗಿ, ಗಟ್ಟಿಯಾಗಿ ಬರುತ್ತದೆ, ಉಳಿದದ್ದು ಸಣ್ಣಗಾಗುತ್ತದೆ. ಆ ಭಾಷೆಯಲ್ಲೇ ಬೆಳೆದವರು ಪದವನ್ನು ಗುರುತು ಹಿಡಿಯುವುದಕ್ಕೆ ಆ ಗಟ್ಟಿ ಜಾಗ ತುಂಬಾ ಬೇಕು.

"ಡೆವಲಪ್‌ಮೆಂಟ್" ಅನ್ನುವ ಪದ ತೆಗೆದುಕೊಳ್ಳಿ. ನಾವು ಸುಲಭವಾಗಿ "ಡೆ" ಮೇಲೆ ಒತ್ತು ಹಾಕುತ್ತೇವೆ. ಅವರ ಕಿವಿ ಕಾಯುತ್ತಿರುವುದು ಎರಡನೇ ತುಂಡಿಗೆ: ಡಿ-ವೆ-ಲಪ್-ಮೆಂಟ್. "ಕಾಂಪೊನೆಂಟ್" ಕೂಡ ಹಾಗೇ: ಕಂ-ಪೋ-ನೆಂಟ್. "ಇವೆಂಟ್" ಅಂದರೆ ಇ-ವೆಂಟ್. ನಿಮ್ಮ ಕೆಲಸದಲ್ಲಿ ದಿನಾ ಬರುವ ಇಂಥ ಪದ ಮೂವತ್ತಕ್ಕಿಂತ ಜಾಸ್ತಿ ಇರುವುದಿಲ್ಲ. ಪ್ರಾಡಕ್ಟ್ ಹೆಸರು, ತಾಂತ್ರಿಕ ಪದ, ಹಂತಗಳ ಹೆಸರು ಎಲ್ಲ ಸೇರಿಸಿ ಪಟ್ಟಿ ಮಾಡಿ. ಒತ್ತು ಎಲ್ಲಿ ಬೀಳುತ್ತದೆ ಎಂದು ಆಡಿಯೋ ಇರುವ ಡಿಕ್ಷನರಿಯಲ್ಲಿ ಕೇಳಿ, ಅಡಿಗೆರೆ ಎಳೆದುಕೊಳ್ಳಿ. ನಾನು ನೋಡಿದ ಹಾಗೆ ಇಷ್ಟು ಮಾಡಿದರೇನೇ "ಸಾರಿ?" ಅನ್ನುವುದು ಅರ್ಧಕ್ಕರ್ಧ ಇಳಿಯುತ್ತದೆ.

ಅವರ ಥರಾನೇ ಆಕ್ಸೆಂಟ್ ಕಲೀಬೇಕಾ?

ಬೇಡ. ಆಕ್ಸೆಂಟ್ ದಟ್ಟವಾಗಿರುವುದು ಬೇರೆ, ಮಾತು ಅರ್ಥವಾಗದೇ ಇರುವುದು ಬೇರೆ. ಇದನ್ನು ತಿಳಿಯುವುದಕ್ಕೆ ಯಾರ ಸಿದ್ಧಾಂತವನ್ನೂ ಓದಬೇಕಿಲ್ಲ. ಆಕ್ಸೆಂಟ್ ಗಟ್ಟಿಯಾಗಿದ್ದೂ ಪ್ರತಿ ಮಾತು ತಿಳಿಯುವ ಹಾಗೆ ಆಡುವವರು ನಿಮ್ಮ ತಂಡದಲ್ಲೇ ಇರುತ್ತಾರೆ, ಗಮನಿಸಿ.

ಎಲ್ಲ ಶಬ್ದಕ್ಕೂ ಒಂದೇ ಬೆಲೆ ಇಲ್ಲ. "ಥಿಂಕ್" ಎನ್ನುವಾಗ ನಮ್ಮ "ಥ" ಬಂದರೆ ಯಾರಿಗೂ ತೊಂದರೆ ಇಲ್ಲ. ತೊಂದರೆ ಆಗುವುದು ಎರಡು ಕಡೆ. ಒಂದು, ನಮಗೆ "ವ" ಒಂದೇ, ಅವರಿಗೆ ಎರಡು. "ವೆಸ್ಟ್" ಅಂದರೆ ಪಡುವಣವೋ, ತೊಡುವ ಬಟ್ಟೆಯೋ? ಪಡುವಣಕ್ಕೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. ಬಟ್ಟೆಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಎರಡು, ಪದದ ಕೊನೆ. "ಟೆಸ್ಟೆಡ್", "ಫಿಕ್ಸ್‌ಡ್" ಎನ್ನುವಾಗ ಕೊನೆಯ ಶಬ್ದ ನುಂಗಿದರೆ, ಕೆಲಸ ಆಗಿದೆಯೋ ಆಗಬೇಕೋ ಗೊತ್ತಾಗುವುದಿಲ್ಲ. ಈ ಎರಡರ ಮೇಲೆ ಸಮಯ ಹಾಕಿ, ಉಳಿದದ್ದನ್ನು ಬಿಡಿ.

ನಿಧಾನವಾಗಿ ಮಾತಾಡಿ ಅಂತಾರೆ. ನಿಧಾನ ಮಾಡಿದ್ರೆ ಇನ್ನೂ ತಡವರಿಸ್ತೀನಿ.

ಪದಗಳನ್ನು ಎಳೆಯಬೇಡಿ. ಪದಗಳು ನಿಮ್ಮ ವೇಗದಲ್ಲೇ ಬರಲಿ, ಮಧ್ಯೆ ಮಧ್ಯೆ ನಿಲ್ಲಿಸಿ. ಐದಾರು ಪದಕ್ಕೊಮ್ಮೆ, ಅರ್ಥ ಮುರಿಯುವ ಕಡೆ ಒಂದು ಸಣ್ಣ ಉಸಿರು. "ದ ಟೆಸ್ಟಿಂಗ್ ಈಸ್ ಡನ್ / ಬಟ್ ದ ರಿಪೋರ್ಟ್ / ವಿಲ್ ಕಮ್ ಟುಮಾರೋ." ಆ ಗೀಟು ಇರುವ ಕಡೆ ಕೇಳುವವರು ಹಿಂದಿನದನ್ನು ಜೀರ್ಣ ಮಾಡಿಕೊಳ್ಳುತ್ತಾರೆ, ನೀವು ಮುಂದಿನದನ್ನು ಜೋಡಿಸಿಕೊಳ್ಳುತ್ತೀರಿ. "ಆಕ್ಚುವಲಿ", "ಬೇಸಿಕಲಿ", "ಲೈಕ್" ಎಲ್ಲ ನುಗ್ಗುವುದು ಇದೇ ಖಾಲಿ ಜಾಗಕ್ಕೆ. ಅಲ್ಲಿ ಸುಮ್ನೆ ಇರುವುದನ್ನು ಅಭ್ಯಾಸ ಮಾಡಿ.

ಮೈಕ್ ಬದಲಿಸಿದ್ರೆ ನಿಜವಾಗ್ಲೂ ವ್ಯತ್ಯಾಸ ಆಗುತ್ತಾ?

ಆಗುತ್ತದೆ. "ಸ", "ಫ", "ಶ" ಶಬ್ದಗಳ ಗುರುತು ಇರುವುದು ಎತ್ತರದ ತರಂಗಗಳಲ್ಲಿ. ಹಲವು ಬ್ಲೂಟೂತ್ ಇಯರ್‌ಫೋನ್‌ಗಳಲ್ಲಿ ಮೈಕ್ ಆನ್ ಆದ ಕೂಡಲೇ ಆ ಭಾಗವೇ ಕತ್ತರಿಸಿಹೋಗಿ, ದನಿ ಹಳೇ ಫೋನ್‌ನಿಂದ ಬಂದಂತೆ ಆಗುತ್ತದೆ. ತಂತಿಯಿರುವ ಸಾಧಾರಣ ಹೆಡ್‌ಸೆಟ್ ಸಾಕು. ಮೈಕ್ ಬಾಯಿಯ ನೇರಕ್ಕೆ ಬೇಡ, ಬಾಯಿಯ ಓರೆಗೆ ಎರಡು ಬೆರಳಿನಷ್ಟು ದೂರ ಇರಲಿ.

## ಎರಡನೇ ಹಂತ: ಅವರ ಮಾತು ನಮಗೆ ಮುಟ್ಟುವುದು

ಅರ್ಥ ಆಗ್ಲಿಲ್ಲ ಅಂತ ಎಷ್ಟು ಸಲ ಕೇಳಬಹುದು? ಎರಡು ಸಲದ ಮೇಲೆ ನಾಚಿಕೆ ಆಗುತ್ತೆ.

ಎಷ್ಟು ಸಲ ಅನ್ನುವುದಕ್ಕಿಂತ ಹೇಗೆ ಕೇಳುತ್ತೀರಿ ಅನ್ನುವುದು ಮುಖ್ಯ. ಬರೀ "ಪಾರ್ಡನ್?" ಅಂದರೆ ಅವರಿಗೆ ಎಲ್ಲಿ ಸಿಕ್ಕಿಕೊಂಡಿತು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಅದೇ ವಾಕ್ಯವನ್ನು ಅದೇ ವೇಗದಲ್ಲಿ, ಸ್ವಲ್ಪ ಜೋರಾಗಿ ಹೇಳುತ್ತಾರೆ. ನಿಮಗೆ ಮತ್ತೆ ಅರ್ಥವಾಗುವುದಿಲ್ಲ. ಆಗ ನಾಚಿಕೆಗೆ ತಲೆ ಆಡಿಸಿಬಿಡುತ್ತೀರಿ.

ಬದಲಿಗೆ, ಹಿಡಿದಿಟ್ಟುಕೊಂಡದ್ದನ್ನು ಹೇಳಿ, ಬಿಟ್ಟುಹೋದದ್ದನ್ನು ಮಾತ್ರ ಕೇಳಿ. "ಯು ವಾಂಟ್ ದ ರಿಪೋರ್ಟ್ ಬಿಫೋರ್ ದ ರಿವ್ಯೂ. ವಿಚ್ ರಿವ್ಯೂ?" ಇಷ್ಟು ಕೇಳಿದರೆ ಅವರು ಒಂದೇ ಪದದಲ್ಲಿ ಉತ್ತರ ಕೊಡುತ್ತಾರೆ. ನೀವು ಗಮನವಿಟ್ಟು ಕೇಳುತ್ತಿದ್ದೀರಿ ಅನ್ನುವುದೂ ಅವರಿಗೆ ಕಾಣುತ್ತದೆ. ಪೂರ್ತಿ ಕೈತಪ್ಪಿದ್ದರೆ "ಕುಡ್ ಯು ಪುಟ್ ದಟ್ ಅನದರ್ ವೇ?" ಅನ್ನಿ. ಮತ್ತೆ ಹೇಳಿ ಅನ್ನುವುದಕ್ಕಿಂತ ಬೇರೆ ಮಾತಿನಲ್ಲಿ ಹೇಳಿ ಅನ್ನುವುದು ಹೆಚ್ಚು ಕೆಲಸ ಮಾಡುತ್ತದೆ. ಅವರು ಬಳಸಿದ ನುಡಿಗಟ್ಟೇ ನಿಮಗೆ ಹೊಸದಿದ್ದರೆ, ಎರಡನೇ ಸಲ ಅದು ಬಿಟ್ಟುಹೋಗುತ್ತದೆ.

ನಾನು "ಯೆಸ್" ಅಂದಿದ್ದು ಕೇಳ್ತಿದೀನಿ ಅನ್ನೋ ಅರ್ಥದಲ್ಲಿ. ಅವರು ಒಪ್ಪಿದೆ ಅಂದ್ಕೊಂಡ್ರು. ಏನು ಮಾಡ್ಲಿ?

ಇದು ನನಗೇ ಆಗಿದೆ. ಕ್ಲೈಂಟ್ ಕಡೆಯವರೊಬ್ಬರು ಇನ್ನೂ ಎರಡು ಸ್ಕ್ರೀನ್ ಸೇರಿಸುವ ಬಗ್ಗೆ ಹೇಳುತ್ತಾ ಹೋದರು. ನಾನು "ಯೆಸ್, ಯೆಸ್, ಓಕೆ" ಅಂತ ಹೂಂಗುಟ್ಟಿದೆ. ಕಾಲ್ ಮುಗಿದ ಮೇಲೆ ಬಂದ ಮೇಲ್‌ನಲ್ಲಿ, ಅದೇ ದುಡ್ಡಿಗೆ ಅದೇ ತಾರೀಕಿಗೆ ಎರಡು ಸ್ಕ್ರೀನ್ ಕೊಡಲು ನಾವು ಒಪ್ಪಿದ್ದೇವೆ ಎಂದಿತ್ತು. ಅವರ ಕಡೆ ಮೋಸ ಇರಲಿಲ್ಲ. ಅವರು ಕೇಳಿಸಿಕೊಂಡಿದ್ದು ಮೂರು "ಯೆಸ್".

ಕೇಳುತ್ತಿದ್ದೇನೆ ಅನ್ನುವುದಕ್ಕೆ "ಐ ಸೀ", "ರೈಟ್, ಗೋ ಆನ್" ಅನ್ನಿ, ಅಥವಾ ತಲೆಯಾಡಿಸಿ. "ಯೆಸ್" ಅನ್ನು ಒಪ್ಪಿಗೆಗೆ ಮಾತ್ರ ಎತ್ತಿಡಿ. ಇನ್ನೂ ತೀರ್ಮಾನ ಆಗಿಲ್ಲದಿದ್ದರೆ ಅದನ್ನೇ ಹೇಳಿ: "ಐ ಅಂಡರ್‌ಸ್ಟ್ಯಾಂಡ್ ದ ರಿಕ್ವೆಸ್ಟ್. ಐ ಆ್ಯಮ್ ನಾಟ್ ಅಗ್ರೀಯಿಂಗ್ ಟು ಇಟ್ ಯೆಟ್. ಲೆಟ್ ಮಿ ಚೆಕ್ ದ ಎಫರ್ಟ್."

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಡಕಿದೆ. "ಡಿಡ್‌ನ್ಟ್ ಯು ಗೆಟ್ ದ ಫೈಲ್?" ಅಂತ ಕೇಳಿದಾಗ ನಮ್ಮ ಬಾಯಿಗೆ "ಯೆಸ್" ಬರುತ್ತದೆ, "ಹೌದು, ಬಂದಿಲ್ಲ" ಅನ್ನುವ ಲೆಕ್ಕದಲ್ಲಿ. ಅವರಿಗೆ "ಯೆಸ್" ಅಂದರೆ ಬಂದಿದೆ. ಅಲ್ಲ ಎಂಬ ಅರ್ಥದ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಕೊಡಲೇಬೇಡಿ. "ವಿ ಡಿಡ್ ನಾಟ್ ಗೆಟ್ ದ ಫೈಲ್" ಎಂದು ಪೂರ್ತಿ ವಾಕ್ಯ ಹೇಳಿ.

ಫಿಫ್ಟೀನ್, ಫಿಫ್ಟಿ ಯಾವಾಗ್ಲೂ ಗೊಂದಲ. ಹೇಗೆ ಹೇಳೋದು?

ಒಂಟಿಯಾಗಿ ಹೇಳುವಾಗ ಒತ್ತು ಫಿಫ್-ಟೀನ್‌ನಲ್ಲಿ ಎರಡನೇ ತುಂಡಿಗೆ, ಫಿಫ್-ಟಿಯಲ್ಲಿ ಮೊದಲ ತುಂಡಿಗೆ ಬೀಳುತ್ತದೆ. ಆದರೆ ಹಿಂದೆಯೇ ಇನ್ನೊಂದು ಪದ ಬಂದಾಗ, ಉದಾಹರಣೆಗೆ "ಫಿಫ್ಟೀನ್ ಡೇಸ್" ಎನ್ನುವಾಗ, ಆ ಭಾಷೆಯವರೇ ಒತ್ತನ್ನು ಮೊದಲ ತುಂಡಿಗೆ ತರುತ್ತಾರೆ. ಆಗ ಗುರುತು ಮಸುಕಾಗುತ್ತದೆ. ಅದಕ್ಕೇ ಅಂಕಿಯನ್ನು ಬಿಡಿಸಿ ಹೇಳಿ: "ಫಿಫ್ಟೀನ್, ಒನ್ ಫೈವ್." ಚಾಟ್‌ನಲ್ಲಿ 15 ಅಂತ ಹೊಡೆಯಿರಿ.

ತಾರೀಕಿಗೂ ಇದೇ ಕಾಳಜಿ ಬೇಕು. 03/04 ಅಂದರೆ ಅಮೆರಿಕದಲ್ಲಿ ಮಾರ್ಚ್ 4, ಬ್ರಿಟನ್‌ನಲ್ಲಿ ಏಪ್ರಿಲ್ 3. ತಿಂಗಳ ಹೆಸರು ಹೇಳಿ, ವಾರ ಸೇರಿಸಿ. "ನೆಕ್ಸ್ಟ್ ವೀಕ್ ಸೇಮ್ ಟೈಮ್" ಕೂಡ ಮಾರ್ಚ್‌ನಲ್ಲಿ ಕೈಕೊಡುತ್ತದೆ. ಅಮೆರಿಕದಲ್ಲಿ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರ ಮುಂದೆ ಹೋಗುತ್ತದೆ, ಯುರೋಪ್‌ನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು-ಮೂರು ವಾರ ಎರಡೂ ಕಡೆಯವರಿರುವ ಕಾಲ್‌ಗೆ ಯಾರಾದರೊಬ್ಬರು ಒಂದು ಗಂಟೆ ಹೆಚ್ಚುಕಡಿಮೆ ಮಾಡುತ್ತಾರೆ.

"ಕ್ಯಾನ್" ಅಂದ್ರಾ "ಕಾಂಟ್" ಅಂದ್ರಾ ಗೊತ್ತಾಗಲ್ಲ. ನಾನು ಹೇಳಿದ್ದೂ ಅವರಿಗೆ ಗೊತ್ತಾಗಲ್ಲ.

ಕಾಲ್‌ನಲ್ಲಿ ಆ ಕೊನೆಯ "ಟ್" ಬಹಳ ಸಲ ಉಳಿಯುವುದಿಲ್ಲ. ಇಲ್ಲ ಅನ್ನುವಾಗ "ಕ್ಯಾನಾಟ್", "ವಿಲ್ ನಾಟ್", "ಡು ನಾಟ್" ಎಂದು ಬಿಡಿಸಿ, "ನಾಟ್" ಮೇಲೆ ಒತ್ತು ಹಾಕಿ. ಅವರದ್ದು ಅನುಮಾನ ಬಂದರೆ ಕೇಳಿಬಿಡಿ: "ಸೋ ದಟ್ ಈಸ್ ಎ ನೋ?"

## ಮೂರನೇ ಹಂತ: ಮಾತಿನೊಳಗೆ ಜಾಗ ಮಾಡಿಕೊಳ್ಳುವುದು

ನಾನು ಬಾಯಿ ತೆರೆಯೋಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿರ್ತಾರೆ. ನಾನೇ ಸ್ಲೋನಾ?

ನೀವೊಬ್ಬರೇ ಕಾರಣ ಅಲ್ಲ, ದೂರವೂ ಕಾರಣ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಒಬ್ಬರು ಪ್ರಶ್ನೆ ಕೇಳಿ ನಿಲ್ಲಿಸಿದ ಮೇಲೆ ಇನ್ನೊಬ್ಬರು ಉತ್ತರ ಶುರು ಮಾಡಲು ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ನಮ್ಮ ಕಿವಿಗಳು ಆ ಲಯಕ್ಕೆ ಒಗ್ಗಿವೆ.

ಈಗ ಕಾಲ್ ನೋಡಿ. ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು 150 ಮಿಲಿಸೆಕೆಂಡ್ ಹಿಡಿಯುತ್ತದೆ ಅನ್ನೋಣ. ಇದು ಒಳ್ಳೆಯ ಲೈನ್‌ನ ಲೆಕ್ಕ. ಅವರು ಮಾತು ನಿಲ್ಲಿಸಿದ್ದು ನಿಮಗೆ 150 ತಡವಾಗಿ ಗೊತ್ತಾಗುತ್ತದೆ. ನೀವು 200ರಲ್ಲಿ ಶುರು ಮಾಡುತ್ತೀರಿ. ನಿಮ್ಮ ದನಿ ವಾಪಸ್ ಹೋಗಲು ಇನ್ನೊಂದು 150. ಅವರ ಕಿವಿಗೆ ಒಟ್ಟು 500 ಮಿಲಿಸೆಕೆಂಡ್ ಮೌನ. ಅವರಿಗೆ ಅನ್ನಿಸುವುದು, ಯಾರಿಗೂ ಹೇಳುವುದಕ್ಕೆ ಏನಿಲ್ಲ ಅಂತ. ಅದರ ಮೇಲೆ ನೀವು ಮ್ಯೂಟ್ ತೆಗೆಯಬೇಕು, ತಲೆಯಲ್ಲಿ ವಾಕ್ಯ ಜೋಡಿಸಬೇಕು. ಸೆಕೆಂಡ್ ದಾಟಿಯೇ ಹೋಗುತ್ತದೆ.

ಹಾಗಾಗಿ ವಾಕ್ಯ ಸಿದ್ಧವಾಗುವವರೆಗೆ ಕಾಯಬೇಡಿ, ಮೊದಲು ಜಾಗ ಹಿಡಿಯಿರಿ. ಮಾತಾಡುತ್ತಿರುವವರ ಹೆಸರು, ಜೊತೆಗೆ ವಿಷಯದ ಒಂದು ಪದ: ಹೆಸರು ಹೇಳಿ "ಒನ್ ಪಾಯಿಂಟ್ ಆನ್ ಟೆಸ್ಟಿಂಗ್" ಅನ್ನಿ. ಇದಕ್ಕೆ ಯೋಚನೆ ಬೇಕಿಲ್ಲ, ಬಾಯಿಪಾಠ ಇರುತ್ತದೆ. ಅವರು ನಿಲ್ಲಿಸಿ "ಗೋ ಅಹೆಡ್" ಅನ್ನುವಷ್ಟರಲ್ಲಿ ನಿಮ್ಮ ವಾಕ್ಯ ಸಿಕ್ಕಿರುತ್ತದೆ. ನಿಮ್ಮ ಸರದಿ ಹತ್ತಿರ ಬಂತು ಅನ್ನಿಸಿದಾಗಲೇ ಮ್ಯೂಟ್ ತೆಗೆದಿಡಿ. ಝೂಮ್‌ನಲ್ಲಿ ಸ್ಪೇಸ್ ಬಾರ್ ಒತ್ತಿ ಹಿಡಿದಿರುವಷ್ಟು ಹೊತ್ತು ಮ್ಯೂಟ್ ತೆರೆದಿರುವ ಸೌಕರ್ಯ ಇದೆ.

ಇಬ್ಬರೂ ಒಟ್ಟಿಗೆ ಶುರು ಮಾಡಿದರೆ "ಯು ಫಸ್ಟ್, ದೆನ್ ಐ ಹ್ಯಾವ್ ಒನ್ ಪಾಯಿಂಟ್" ಅನ್ನಿ. ಬರೀ "ಸಾರಿ, ಪ್ಲೀಸ್" ಎಂದು ಬಿಟ್ಟುಕೊಟ್ಟರೆ ನಿಮ್ಮ ಸರದಿ ಮತ್ತೆ ಬರುವುದಿಲ್ಲ.

ಬರೆದಿಟ್ಕೊಂಡು ಓದಿದ್ರೆ ತಪ್ಪಾ?

ಪೂರ್ತಿ ವಾಕ್ಯ ಓದಿದರೆ ದನಿ ಚಪ್ಪಟೆಯಾಗುತ್ತದೆ, ಕಣ್ಣು ಓಡುವುದು ಕ್ಯಾಮೆರಾದಲ್ಲಿ ಕಾಣುತ್ತದೆ, ಮಧ್ಯೆ ಪ್ರಶ್ನೆ ಬಂದರೆ ಸಾಲು ತಪ್ಪುತ್ತದೆ. ನಾನು ಮೊದಲ ಎರಡು ವಾಕ್ಯವನ್ನು ಮಾತ್ರ ಪೂರ್ತಿ ಬರೆಯುತ್ತೇನೆ. ತಡವರಿಸುವುದು ಅಲ್ಲೇ. ಉಳಿದದ್ದಕ್ಕೆ ಬಿಡಿ ಪದ, ಹೆಸರು, ಅಂಕಿ. ಚೀಟಿಯನ್ನು ಕ್ಯಾಮೆರಾ ಕೆಳಗೇ ಅಂಟಿಸಿ.

## ನಾಲ್ಕನೇ ಹಂತ: ಕಷ್ಟದ ಮಾತು

ಕೆಲಸ ತಡ ಆಗುತ್ತೆ ಅಂತ ಹೇಳಬೇಕು. ಹೇಗೆ ಶುರು ಮಾಡಲಿ?

ಸುದ್ದಿಯಿಂದಲೇ ಶುರು ಮಾಡಿ. ಒಂದು ಪ್ರಸಂಗ ಇಟ್ಟುಕೊಂಡು ನೋಡೋಣ. ಹಳೇ ಸಿಸ್ಟಮ್‌ನಿಂದ ಹೊಸದಕ್ಕೆ ಡೇಟಾ ಸಾಗಿಸುವ ಕೆಲಸ. ಶುಕ್ರವಾರ 14ಕ್ಕೆ ಮುಗಿಸುತ್ತೇವೆ ಎಂದಿದ್ದಿರಿ. 40 ಟೇಬಲ್‌ಗಳಲ್ಲಿ 3 ಸಾಗುತ್ತಿಲ್ಲ, ಏಕೆಂದರೆ ಕೆಲವು ಹಳೇ ದಾಖಲೆಗಳಲ್ಲಿ ತಾರೀಕೇ ಇಲ್ಲ. ಬುಧವಾರ 19ಕ್ಕೆ ಆಗುತ್ತದೆ. ಆದರೆ ಆ ದಾಖಲೆಗಳನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಸೋಮವಾರದೊಳಗೆ ಕ್ಲೈಂಟ್ ಹೇಳಬೇಕು.

ಸಾಮಾನ್ಯವಾಗಿ ಬಾಯಿಂದ ಬರುವುದು ಹೀಗೆ: "ಆಕ್ಚುವಲಿ ವಾಟ್ ಹ್ಯಾಪನ್ಡ್ ಈಸ್, ವಿ ವರ್ ವರ್ಕಿಂಗ್ ಆನ್ ದ ಮೈಗ್ರೇಶನ್, ದೆನ್ ಸಮ್ ಇಶ್ಯೂಸ್ ಕೇಮ್ ಇನ್ ದ ಡೇಟಾ, ದ ಟೀಮ್ ಈಸ್ ಲುಕಿಂಗ್ ಇನ್‌ಟು ಇಟ್, ವಿ ವಿಲ್ ಟ್ರೈ ಟು ಫಿನಿಶ್ ಆ್ಯಸ್ ಸೂನ್ ಆ್ಯಸ್ ಪಾಸಿಬಲ್." ಇದರಲ್ಲಿ ವ್ಯಾಕರಣದ ದೊಡ್ಡ ತಪ್ಪೇನಿಲ್ಲ. ಆದರೆ ತಡ ಆಗುತ್ತದೆ ಅನ್ನುವ ಮಾತೇ ಇಲ್ಲ. ಕ್ಲೈಂಟ್ ತಲೆಯಲ್ಲಿ ಶುಕ್ರವಾರ ಹಾಗೇ ಉಳಿಯುತ್ತದೆ. ನಾವು ಹೇಳಿದ್ದೇವೆ ಅಂದುಕೊಳ್ಳುತ್ತೇವೆ, ಅವರು ಕೇಳಿಯೇ ಇರುವುದಿಲ್ಲ.

ಇದನ್ನೇ ಹೀಗೆ ಹೇಳಿ: "ದ ಮೈಗ್ರೇಶನ್ / ವಿಲ್ ನಾಟ್ ಫಿನಿಶ್ ಆನ್ ಫ್ರೈಡೇ. / ದ ನ್ಯೂ ಡೇಟ್ ಈಸ್ ವೆನ್ಸ್‌ಡೇ, / ದ ನೈನ್‌ಟೀನ್ತ್, ಒನ್ ನೈನ್." ಇಲ್ಲಿ ನಿಲ್ಲಿಸಿ. ಇದು ತುಂಬಾ ಕಷ್ಟದ ಮೌನ. ಅದನ್ನು ತುಂಬಲು ಹೋಗಬೇಡಿ, ಸುದ್ದಿ ಅವರಿಗೆ ಇಳಿಯಲಿ. ಅವರು "ವಾಟ್ ಹ್ಯಾಪನ್ಡ್?" ಅಂದಾಗ ಒಂದೇ ಕಾರಣ ಕೊಡಿ: "ತ್ರೀ ಟೇಬಲ್ಸ್ ಔಟ್ ಆಫ್ ಫಾರ್ಟಿ ಫೇಲ್ಡ್. ಸಮ್ ಓಲ್ಡ್ ರೆಕಾರ್ಡ್ಸ್ ಹ್ಯಾವ್ ನೋ ಡೇಟ್." ಆಮೇಲೆ ಅವರಿಂದ ಬೇಕಾದದ್ದು: "ವಿ ನೀಡ್ ಒನ್ ಡಿಸಿಷನ್ ಫ್ರಮ್ ಯು, ಬೈ ಮಂಡೇ. ಶುಡ್ ವಿ ಕೀಪ್ ದೋಸ್ ರೆಕಾರ್ಡ್ಸ್, ಆರ್ ಲೀವ್ ದೆಮ್ ಔಟ್?"

ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಈಸ್ ವೆನ್ಸ್‌ಡೇ ಫರ್ಮ್?" ಇದಕ್ಕೆ ಉತ್ತರವನ್ನು ಕಾಲ್‌ಗೆ ಮೊದಲೇ ತಂಡದ ಜೊತೆ ಕೂತು ಗಟ್ಟಿ ಮಾಡಿಕೊಂಡಿರಬೇಕು. "ಇಫ್ ವಿ ಗೆಟ್ ಯುವರ್ ಡಿಸಿಷನ್ ಬೈ ಮಂಡೇ, ಯೆಸ್. ಇಫ್ ಇಟ್ ಕಮ್ಸ್ ಲೇಟರ್, ದ ಡೇಟ್ ಮೂವ್ಸ್ ಟೂ." ಷರತ್ತು ಸ್ಪಷ್ಟ ಇದೆ, ಬಿರುಸಿಲ್ಲ.

"ವಿ ವಿಲ್ ಟ್ರೈ" ಅನ್ನೋದು ವಿನಯ ಅಲ್ವಾ?

ನಮಗೆ ವಿನಯ. ಕೆಲವರಿಗೆ ಅದು ಮಾತು ಕೊಟ್ಟಂತೆ, ಕೆಲವರಿಗೆ ಜಾರಿಕೊಂಡಂತೆ. ಆಗುವುದಿಲ್ಲ ಅಂತಿದ್ದರೆ, ಏನು ಆಗುತ್ತದೆ ಅನ್ನುವುದರ ಜೊತೆ ಹೇಳಿ: "ನಾಟ್ ಬೈ ಫ್ರೈಡೇ. ಬೈ ಫ್ರೈಡೇ ವಿ ಕ್ಯಾನ್ ಗಿವ್ ಯು ಥರ್ಟಿ-ಸೆವೆನ್ ಟೇಬಲ್ಸ್." ನಿಜಕ್ಕೂ ಗೊತ್ತಿಲ್ಲದಿದ್ದರೆ, ಯಾವಾಗ ಗೊತ್ತಾಗುತ್ತದೆ ಅನ್ನುವುದನ್ನು ಹೇಳಿ. ಗಂಟೆ ಸಮೇತ.

ನಾವು ದಿನಾ ಬಳಸೋ ಯಾವ ಪದ ಅವರಿಗೆ ಬೇರೆ ಥರ ಕೇಳಿಸುತ್ತೆ?

ಮುಖ್ಯವಾಗಿ "ಡೌಟ್". "ಐ ಹ್ಯಾವ್ ಎ ಡೌಟ್" ಅಂದರೆ ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ ಅನ್ನುವಂತೆ ಕೇಳಿಸುತ್ತದೆ. "ಕ್ವೆಶ್ಚನ್" ಅನ್ನಿ. "ರಿವರ್ಟ್" ಅಂದರೆ ಹಲವರಿಗೆ ಹಿಂದಿನ ಸ್ಥಿತಿಗೆ ಮರಳಿಸುವುದು. ಸಾಫ್ಟ್‌ವೇರ್ ಕೆಲಸದಲ್ಲಂತೂ ಅಪಾಯದ ಪದ. ಅವರ ಕಡೆಯಲ್ಲೂ ಇದೇ ಪಾಡು. "ಟೇಬಲ್" ಮಾಡೋಣ ಅಂದರೆ ಬ್ರಿಟನ್‌ನಲ್ಲಿ ಈಗ ಚರ್ಚಿಸೋಣ, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ. ಆ ಪದ ಕಿವಿಗೆ ಬಿದ್ದರೆ "ನೌ ಆರ್ ಲೇಟರ್?" ಎಂದು ಕೇಳಿ.

ಕಾಲ್ ಕೊನೆಗೆ "ಎನಿ ಕ್ವೆಶ್ಚನ್ಸ್?" ಅಂತೀನಿ. ಯಾರೂ ಏನೂ ಹೇಳಲ್ಲ. ಅರ್ಥ ಆಯ್ತು ಅಂತಾನಾ?

ಅಲ್ಲ. ಕಾಲ್ ಮುಗಿಯುವ ಐದು ನಿಮಿಷ ಮೊದಲು ನೀವೇ ತೀರ್ಮಾನಗಳನ್ನು ಜೋರಾಗಿ ಓದಿ: ಯಾರು, ಏನು, ಯಾವ ದಿನ. ಓದುತ್ತಾ ಚಾಟ್‌ನಲ್ಲೂ ಬರೆಯಿರಿ. ಆಮೇಲೆ "ವಾಟ್ ಡಿಡ್ ಐ ಗೆಟ್ ರಾಂಗ್?" ಎಂದು ಕೇಳಿ. ತಪ್ಪು ತೋರಿಸಿ ಅಂತ ಕೇಳಿದರೆ ಜನ ತಿದ್ದುತ್ತಾರೆ. ನಮ್ಮ ಉಚ್ಚಾರಣೆಯಿಂದ ಆದ ಗೊಂದಲವೂ, ಅವರ ವೇಗದಿಂದ ಆದದ್ದೂ ಇಲ್ಲಿ ಮೇಲೆ ಬರುತ್ತದೆ. ಅದೇ ಸಾಲುಗಳನ್ನು ಕಾಲ್ ಮುಗಿದ ಹತ್ತು ನಿಮಿಷದಲ್ಲಿ ಮೇಲ್ ಮಾಡಿ.

ಒಬ್ಬನೇ ಅಭ್ಯಾಸ ಮಾಡೋದು ಹೇಗೆ?

ನಾಳೆ ಹೇಳಬೇಕಾದ ಸ್ಟೇಟಸ್ ಅನ್ನು ಫೋನ್‌ನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ. ಕ್ಲೈಂಟ್ ಕಾಲ್ ಅನ್ನು ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಬೇಡಿ, ನಿಮ್ಮ ದನಿ ಸಾಕು. ಆಮೇಲೆ ಹೇಳಿದ್ದನ್ನೆಲ್ಲ ಹಾಗೇ ಬರೆದುಕೊಳ್ಳಿ, "ಆಕ್ಚುವಲಿ" ಸಮೇತ. ಪದ ಎಣಿಸಿ. ನಾನು ನಿಮಿಷಕ್ಕೆ 120ರ ಆಸುಪಾಸು ಇಟ್ಟುಕೊಳ್ಳುತ್ತೇನೆ. 160 ದಾಟಿದ್ದರೆ ನೀವು ಎಲ್ಲೂ ನಿಲ್ಲಿಸಿಲ್ಲ ಎಂದರ್ಥ. ಮುಖ್ಯ ಸುದ್ದಿ ಎಷ್ಟನೇ ವಾಕ್ಯದಲ್ಲಿ ಬಂತು ನೋಡಿ. ಮೂರನೆಯದಕ್ಕಿಂತ ಹಿಂದೆ ಬಿದ್ದಿದ್ದರೆ ಅದನ್ನು ಮೇಲಕ್ಕೆ ತಂದು ಮತ್ತೆ ರೆಕಾರ್ಡ್ ಮಾಡಿ. ಎರಡನ್ನೂ ವಿಷಯ ಗೊತ್ತಿಲ್ಲದ ಗೆಳೆಯರೊಬ್ಬರಿಗೆ ಕೇಳಿಸಿ, "ಯಾವ ದಿನ? ಯಾರು ಏನು ಮಾಡಬೇಕು?" ಎಂದು ಕೇಳಿ. ಅವರು ತಡಮಾಡದೆ ಉತ್ತರ ಕೊಟ್ಟರೆ ಆ ಸ್ಟೇಟಸ್ ನಾಳೆಯ ಕಾಲ್‌ಗೆ ಸಿದ್ಧ.